ಕಕ್ಕಡದ ಮಳೆಯಲ್ಲೂ ತಪ್ಪದ ನಡಿಗೆ: ಮನಸ್ಸಿನ ಬದಲು ಜಗುಲಿಯನ್ನು ಸಜ್ಜು ಮಾಡುವ ಬಗೆ

ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಅಂತ ಒಂದು ಇರುತ್ತದೆ. ಬೆಳಗ್ಗೆ ಕಾಫಿ ಕುಡಿದ ಮೇಲೆ ಮನೆಯವರೊಬ್ಬರು ಅಂಗಳಕ್ಕೆ ಇಳಿಯುತ್ತಾರೆ. ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡುತ್ತಾರೆ. ಒಳಗೆ ಬಂದು ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆದಿಡುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಅಜ್ಜ ಬರೆಯುತ್ತಿದ್ದರು, ಅಪ್ಪ ಬರೆದರು, ಈಗ ಮಗ ಬರೆಯುತ್ತಾನೆ. ಜ್ವರ ಬಂದರೂ ಬರೆಯುತ್ತಾರೆ, ಮನೆಯಲ್ಲಿ ಜಗಳ ಆದರೂ ಬರೆಯುತ್ತಾರೆ.

ಇವರಿಗೆಲ್ಲ ಅದರಲ್ಲಿ ಭಾರಿ ಉತ್ಸಾಹ ಇದೆಯೇ? ಖಂಡಿತ ಇಲ್ಲ. ಮಳೆಮಾಪಕ ಯಾವಾಗಲೂ ಅದೇ ಜಾಗದಲ್ಲಿ ನಿಂತಿರುತ್ತದೆ. ಕೆಲಸ ಎರಡು ನಿಮಿಷದ್ದು. ಪುಸ್ತಕಕ್ಕೆ ದಾರ ಕಟ್ಟಿ ಪೆನ್ಸಿಲನ್ನು ಅದಕ್ಕೇ ನೇತುಹಾಕಿರುತ್ತಾರೆ. ಮೇಲಾಗಿ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಂದ ದಿನ ಪಕ್ಕದ ತೋಟದವರು ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಅಂತ ಕೇಳಿಯೇ ಕೇಳುತ್ತಾರೆ.

ಈಗ ಅದೇ ಮನೆಯ ಅದೇ ಮನುಷ್ಯನಿಗೆ ಡಾಕ್ಟರು "ಶುಗರ್ ಅಂಚಿಗೆ ಬಂದಿದೆ, ದಿನಾ ನಡೆಯಿರಿ" ಅನ್ನುತ್ತಾರೆ. ಹೊಸ ಶೂ ಬರುತ್ತದೆ. ಬೇಸಿಗೆಯ ತಂಪು ಬೆಳಗಿನಲ್ಲಿ ನಡಿಗೆ ಜೋರಾಗಿ ನಡೆಯುತ್ತದೆ. ಜೂನ್ ಎರಡನೇ ವಾರಕ್ಕೆ ಮಳೆ ಹಿಡಿಯುತ್ತದೆ, ಶೂ ಒಳಗೆ ಬೂಸಲು ಬರುತ್ತದೆ, ನಡಿಗೆ ಮುಗಿಯಿತು. ಇವರನ್ನು ಸೋಮಾರಿ ಅನ್ನೋಕಾಗುತ್ತಾ? ಮಳೆ ಪುಸ್ತಕ ಒಂದು ದಿನವೂ ತಪ್ಪಿಲ್ಲವಲ್ಲ. ಒಂದು ಕೆಲಸಕ್ಕೆ ಮನೆಯಲ್ಲಿ ಜಾಗ, ಸಾಮಾನು, ಹೊತ್ತು ಎಲ್ಲ ಗೊತ್ತಾಗಿತ್ತು. ಇನ್ನೊಂದು ಬರೀ ಹುರುಪಿನ ಮೇಲೆ ನಿಂತಿತ್ತು.

ಆ ನಡಿಗೆಯನ್ನು ಮಳೆ ಪುಸ್ತಕದಷ್ಟೇ ಗಟ್ಟಿ ಮಾಡುವುದು ಹೇಗೆ ಅನ್ನುವುದು ಈ ಲೇಖನ. ಮಾದಾಪುರದ ಕಡೆ ಇರುವ ನನ್ನ ಚಿಕ್ಕಪ್ಪನ ಮನೆಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಅವರಿಗೆ 58 ವರ್ಷ. ಸ್ವಲ್ಪ ಅರೇಬಿಕಾ, ಸ್ವಲ್ಪ ರೊಬಸ್ಟಾ, ಮರಕ್ಕೆ ಹಬ್ಬಿದ ಕರಿಮೆಣಸು. ಮಂಗಳೂರು ಹೆಂಚಿನ ಮನೆ, ಮುಂದೆ ಉದ್ದಕ್ಕೂ ಜಗುಲಿ.

ಮೊದಲು ಕೆಟ್ಟ ವಾರವನ್ನು ಬರೆದುಕೊಳ್ಳಿ

ಹೆಚ್ಚಿನವರು ದಿನಚರಿ ಮಾಡುವುದು ಒಳ್ಳೆಯ ದಿನದಲ್ಲಿ ಕುಳಿತು, ಒಳ್ಳೆಯ ದಿನಕ್ಕಾಗಿ. ಇಲ್ಲೇ ಎಡವಟ್ಟು. ನೀವು ವರ್ಷದ ಅತಿ ಕೆಟ್ಟ ವಾರದಿಂದ ಶುರು ಮಾಡಿ. ಕೊಡಗಿನಲ್ಲಿ ಅದು ಯಾವುದು ಅಂತ ಹೇಳಬೇಕಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕಕ್ಕಡ ತಿಂಗಳು ಇದ್ದುದರಲ್ಲೇ ಬಲು ಕಷ್ಟ. ಕುಶಾಲನಗರದ ಕಡೆಯವರಿಗೆ ಮಳೆ ಇಷ್ಟಿಲ್ಲ. ಅವರ ಕೆಟ್ಟ ವಾರ ಬೇರೆ ಇರಬಹುದು. ಮಕ್ಕಳ ಪರೀಕ್ಷೆಯೋ ಮದುವೆ ಸಾಲೋ ಆಗಿರಬಹುದು.

ಒಂದು ಹಾಳೆ ತೆಗೆದುಕೊಂಡು, ಆ ವಾರ ಮನೆ ಹೇಗಿರುತ್ತದೆ ಅಂತ ಬರೆಯಿರಿ. ಮನಸ್ಸು ಹೇಗಿರುತ್ತದೆ ಅಂತ ಬರೆಯಬೇಡಿ. ಚಿಕ್ಕಪ್ಪನ ಹಾಳೆಯಲ್ಲಿ ಬಂದದ್ದು ಇಷ್ಟು: ಕರೆಂಟ್ ಇರುವುದಿಲ್ಲ. ಬೆಳಗ್ಗೆ ಏಳಾದರೂ ಕತ್ತಲೆ ಕತ್ತಲೆ. ಗಂಬೂಟ್ ಬಿಟ್ಟರೆ ಒಣಗಿದ ಚಪ್ಪಲಿ ಇಲ್ಲ. ರಸ್ತೆಯಲ್ಲಿ ಜಿಗಣೆ. ಮರ ಬಿದ್ದಿರುತ್ತದೆ. ಕಣದ ಸಿಮೆಂಟಿನ ಮೇಲೆ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತದೆ. ಜಗುಲಿ ತುಂಬ ಒಗೆದ ಬಟ್ಟೆ.

ಸಿದ್ದಾಪುರ, ಪಾಲಿಬೆಟ್ಟದ ಕಡೆಯವರು ಇದಕ್ಕೆ ಆನೆಯನ್ನೂ ಸೇರಿಸಬೇಕು. ತೋಟದಲ್ಲಿ ಆನೆ ಇದೆ ಅಂತ ಸುದ್ದಿ ಬಂದ ಮೇಲೆ ಬೆಳಗಿನ ಕತ್ತಲೆಯಲ್ಲಿ ವಾಕಿಂಗ್ ಹೋಗುವುದು ಶಿಸ್ತಲ್ಲ, ಹುಚ್ಚು. ನಗರದ ಪಾರ್ಕ್ ನೋಡಿ ಬರೆದ ಸಲಹೆಗಳು ನಮ್ಮಲ್ಲಿ ಕೈ ಕೊಡುವುದು ಇಂಥ ಕಡೆಯೇ.

ಹಾಳೆ ಬರೆದಾದ ಮೇಲೆ ಒಂದೇ ಪ್ರಶ್ನೆ ಉಳಿಯುತ್ತದೆ. ಈ ಎಲ್ಲದರ ನಡುವೆಯೂ ನಡೆಯಬಹುದಾದ ಜಾಗ ಯಾವುದು? ಚಿಕ್ಕಪ್ಪನ ಮನೆಯಲ್ಲಿ ಅದು ಜಗುಲಿ. ಜಗುಲಿ ಇಲ್ಲದ ಮನೆಯಲ್ಲಿ ನಡುಮನೆಯಿಂದ ಅಡುಗೆಮನೆ ತನಕದ ಓಣಿ ಆಗಬಹುದು, ಕಾರು ನಿಲ್ಲಿಸುವ ಶೆಡ್ಡು ಆಗಬಹುದು. ಜಾಗ ಚೆಂದ ಇರಬೇಕಿಲ್ಲ. ಮಳೆ ಬೀಳದ, ಜಾರದ, ಹತ್ತು ಹೆಜ್ಜೆಯಾದರೂ ನೇರ ಇಡಬಹುದಾದ ಜಾಗ ಆದರೆ ಸಾಕು. ರಸ್ತೆಯ ಆಸೆಯನ್ನು ಸದ್ಯಕ್ಕೆ ಬಿಟ್ಟುಬಿಡಿ.

ಗಡಿಯಾರ ಬೇಡ, ತಟ್ಟೆ ನೋಡಿ

ಮುಂದಿನ ಕೆಲಸ ಹೊತ್ತು ಗೊತ್ತು ಮಾಡುವುದು. ಇದರಲ್ಲಿ ಆತುರ ಬೇಡ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

"ಬೆಳಗ್ಗೆ ಆರಕ್ಕೆ" ಅನ್ನುವ ತೀರ್ಮಾನ ತೋಟದ ಮನೆಯಲ್ಲಿ ನಿಲ್ಲುವುದಿಲ್ಲ. ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಆಳುಗಳನ್ನು ಕರೆತರಲು ಜೀಪು ಹೊರಡಬೇಕು. ಮಳೆಗಾಲದಲ್ಲಿ ಏಳುವ ಹೊತ್ತೇ ಬೇರೆ. ಆರು ಗಂಟೆ ಅನ್ನುವುದು ಬರೀ ಗಡಿಯಾರದ ಮುಳ್ಳು. ಅದು ನಿಮ್ಮನ್ನು ಎಬ್ಬಿಸಿ ಜಗುಲಿಗೆ ಕಳಿಸುವುದಿಲ್ಲ. ಅದರ ಬದಲು ಏನೇ ಆದರೂ ದಿನಾ ಆಗಿಯೇ ತೀರುವ ಒಂದು ಕೆಲಸವನ್ನು ಹುಡುಕಿ. ಅದರ ಬೆನ್ನಿಗೇ ನಡಿಗೆ ಬರಲಿ.

ಶುಗರ್ ವಿಷಯದಲ್ಲಿ ನಮ್ಮ ಅದೃಷ್ಟ ಒಳ್ಳೆಯದಿದೆ. ಊಟ ಆದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಹೊತ್ತಿನಲ್ಲಿ ಹತ್ತು ಹದಿನೈದು ನಿಮಿಷ ನಡೆದರೆ ಕಾಲಿನ ಮಾಂಸಖಂಡಗಳು ಅದನ್ನು ಎಳೆದುಕೊಂಡು ಬಳಸುತ್ತವೆ, ಏರಿಕೆ ತಗ್ಗುತ್ತದೆ. ಅಂದರೆ ನಡಿಗೆ ಹೆಚ್ಚು ಕೆಲಸ ಮಾಡುವ ಹೊತ್ತೂ, ದಿನಾ ತಪ್ಪದೆ ಬರುವ ಹೊತ್ತೂ ಒಂದೇ. ಊಟ ಅಂತೂ ಯಾರೂ ಬಿಡುವುದಿಲ್ಲ ಅಲ್ವಾ?

ಆದರೆ "ಊಟ ಆದ ಮೇಲೆ" ಅನ್ನುವುದೂ ಸಡಿಲ ಮಾತೇ. ಊಟ ಆದ ಮೇಲೆ ಕೈ ಒರೆಸಿಕೊಳ್ಳುತ್ತಾರೆ, ಅಡಿಕೆ ಹುಡುಕುತ್ತಾರೆ, ಫೋನ್ ನೋಡುತ್ತಾರೆ, ಕುರ್ಚಿಗೆ ಬೆನ್ನು ಕೊಡುತ್ತಾರೆ. ಒಮ್ಮೆ ಕುಳಿತರೆ ಕಥೆ ಮುಗಿಯಿತು. ಆದ್ದರಿಂದ ಕಣ್ಣಿಗೆ ಕಾಣುವ ಒಂದು ಕ್ಷಣವನ್ನೇ ಹಿಡಿಯಿರಿ. ಚಿಕ್ಕಪ್ಪ ಹಿಡಿದದ್ದು ಇದು: "ತಟ್ಟೆಯನ್ನು ಸಿಂಕಿನಲ್ಲಿ ಇಟ್ಟ ಕೂಡಲೇ, ಜಗುಲಿ ಬಾಗಿಲ ಹತ್ತಿರದ ಚಪ್ಪಲಿ ಹಾಕುತ್ತೇನೆ." ಗಮನಿಸಿ, ಇದರಲ್ಲಿ ನಡೆಯುತ್ತೇನೆ ಅಂತಲೇ ಇಲ್ಲ. ಚಪ್ಪಲಿ ಹಾಕುವ ತನಕದ್ದು ಮಾತ್ರ. ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತವರು ತಿರುಗಿ ಹೋಗಿ ಕುಳಿತುಕೊಳ್ಳುವುದು ಅಪರೂಪ.

"ಹೀಗಾದಾಗ ಹೀಗೆ ಮಾಡುತ್ತೇನೆ" ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಸುಮ್ನೆ "ಮಾಡಬೇಕು" ಅಂದುಕೊಂಡವರಿಗಿಂತ ಹೀಗೆ ಗೊತ್ತು ಮಾಡಿಕೊಂಡವರು ಜಾಸ್ತಿ ಮಾಡಿ ಮುಗಿಸುತ್ತಾರೆ ಅನ್ನುವುದು ಇಂಥ ಹಲವು ಪ್ರಯೋಗಗಳಲ್ಲಿ ಕಂಡಿದೆ. ಆ ಕ್ಷಣ ಬಂದಾಗ ಮನಸ್ಸು ಮತ್ತೆ ಲೆಕ್ಕ ಹಾಕಬೇಕಿಲ್ಲ. ಮಳೆಯ ರಾತ್ರಿ ಲೆಕ್ಕ ಹಾಕಲು ಬಿಟ್ಟರೆ ಗೆಲ್ಲುವುದು ಕಂಬಳಿಯೇ.

ಎರಡು ಸುತ್ತು, ಅಷ್ಟೇ

ಚಿಕ್ಕಪ್ಪನ ಜಗುಲಿ 40 ಅಡಿ ಉದ್ದ. ಹೋಗಿ ಬಂದರೆ 80 ಅಡಿ, ಸುಮಾರು 24 ಮೀಟರ್. ತಿರುಗುವುದೂ ಸೇರಿ ಒಂದು ಸುತ್ತಿಗೆ ಸುಮಾರು 24 ಸೆಕೆಂಡ್. ಹತ್ತು ನಿಮಿಷಕ್ಕೆ 25 ಸುತ್ತು, ಅಂದರೆ 600 ಮೀಟರ್. ಇದು ಮಾಮೂಲಿ ದಿನದ ಅಳತೆ.

ಆದರೆ ಕಡ್ಡಾಯ ಅಂತ ಇಟ್ಟದ್ದು ಎರಡೇ ಸುತ್ತು. ಒಂದು ನಿಮಿಷವೂ ಇಲ್ಲ. ಮೊದಲು ಕೇಳಿದಾಗ ಚಿಕ್ಕಪ್ಪ "ಅಷ್ಟು ನಡೆದು ಏನು ಪ್ರಯೋಜನ?" ಅಂದರು. ಮಾತು ನಿಜ, ಎರಡು ಸುತ್ತಿನಿಂದ ಶುಗರ್ ಇಳಿಯುವುದಿಲ್ಲ. ಅದು ತಟ್ಟೆಗೂ ಜಗುಲಿಗೂ ಇರುವ ಸಂಬಂಧ ಕಡಿಯದ ಹಾಗೆ ನೋಡಿಕೊಳ್ಳುವುದಕ್ಕೆ. ಸುಸ್ತಾದ ದಿನ, ನೆಂಟರು ಬಂದ ದಿನ, ತಲೆನೋವಿನ ದಿನ ಎರಡು ಸುತ್ತು ಹಾಕಿ ಒಳಗೆ ಬರಬಹುದು. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ, ಪೂರ್ತಿಯಾಗಿ ಸೇರುತ್ತದೆ. "ಅರ್ಧ ಮಾತ್ರ ಆಯಿತು" ಅನ್ನುವ ಬೇಸರ ಬೇಡ.

ಇಲ್ಲಿ ಜನ ಎರಡು ರೀತಿ ಎಡವುತ್ತಾರೆ. ಒಂದು, ಚೆನ್ನಾಗಿ ನಡೆದ ವಾರದ ಕೊನೆಗೆ ಕಡ್ಡಾಯವನ್ನೇ ಏರಿಸಿಬಿಡುತ್ತಾರೆ. ಎರಡು ಸುತ್ತು ಹತ್ತಾಗುತ್ತದೆ, ಹತ್ತು ಇಪ್ಪತ್ತಾಗುತ್ತದೆ. ಇಪ್ಪತ್ತು ಕಡ್ಡಾಯ ಆದ ಮೇಲೆ ಬರುವ ಮೊದಲ ಕೆಟ್ಟ ರಾತ್ರಿ ನಡಿಗೆ ಪೂರ್ತಿ ನಿಲ್ಲುತ್ತದೆ. ಎಷ್ಟು ಬೇಕಾದರೂ ನಡೆಯಿರಿ, ಕಡ್ಡಾಯ ಮಾತ್ರ ಎರಡೇ ಇರಲಿ. ಇನ್ನೊಂದು, ದಿನಾ ಎರಡಕ್ಕೇ ನಿಲ್ಲಿಸುವುದು. ವಾರದಲ್ಲಿ ಐದಾರು ದಿನ ಎರಡೇ ಸುತ್ತು ಆಗುತ್ತಿದ್ದರೆ ಬೇರೇನೋ ಅಡ್ಡ ಬರುತ್ತಿದೆ ಅಂತ ತಿಳಿಯಿರಿ. ಹೆಚ್ಚಿನ ಸಲ ಅದು ಮಂಡಿನೋವು, ಇಲ್ಲವೇ ಚಳಿ. ನೋವು ಇದ್ದರೆ ಜಗುಲಿ ಎಷ್ಟು ಸಜ್ಜಾಗಿದ್ದರೂ ಉಪಯೋಗವಿಲ್ಲ. ಮೊದಲು ಮಂಡಿಯನ್ನು ತೋರಿಸಿ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು ಅನ್ನುತ್ತದೆ. ಮಧ್ಯಾಹ್ನ ಹತ್ತು, ರಾತ್ರಿ ಹತ್ತು ನಿಮಿಷ ನಡೆದರೆ ವಾರಕ್ಕೆ 140 ಆಯಿತು. ಜಗುಲಿಯಲ್ಲಿ ತಿರುಗಿ ತಿರುಗಿ ನಡೆಯುವಾಗ ವೇಗ ಕಡಿಮೆ, ಹಾಗಾಗಿ ರಸ್ತೆ ನಡಿಗೆಗೆ ಇದು ಪೂರ್ತಿ ಸಮ ಅಲ್ಲ. ತೋಟದಲ್ಲಿ ಏರು ಹತ್ತಿ ಇಳಿಯುವವರಿಗೆ ಉಳಿದದ್ದು ಅಲ್ಲೇ ಸಿಗುತ್ತದೆ. ಮನೆಯಲ್ಲೇ ಇರುವವರು ಮಳೆ ಬಿಟ್ಟ ದಿನ ಹೊರಗೆ ಹೋಗಿ ತುಂಬಿಕೊಳ್ಳಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ಒಮ್ಮೆಲೇ ಇಳಿಸಬಲ್ಲ ಮಾತ್ರೆ ನುಂಗುವವರು ಇದನ್ನು ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಿ. ನಡೆಯುವಾಗ ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಸಕ್ಕರೆ ಇಳಿದಿದೆ ಅಂತ ಅರ್ಥ. ಕೂಡಲೇ ಕುಳಿತು ಬೆಲ್ಲ ಅಥವಾ ಸಕ್ಕರೆ ನೀರು ತೆಗೆದುಕೊಳ್ಳಬೇಕು. ಎದೆ ಹಿಡಿದಂತಾದರೆ ಎರಡು ಸುತ್ತಿನ ನಿಯಮ ಗಿಯಮ ನೋಡಬೇಡಿ, ಆಸ್ಪತ್ರೆಗೆ ಹೊರಡಿ.

ಜಗುಲಿ ಕೆಲಸ

ಇದಕ್ಕೆ ಒಂದು ಅರ್ಧ ದಿನ ಇಡಿ. ಮೇ ಕೊನೆಯ ವಾರಗಳು ಒಳ್ಳೆಯ ಹೊತ್ತು. ಸೌದೆ ಒಟ್ಟುವುದು, ಹೆಂಚು ಸರಿಮಾಡುವುದು ಅಂತ ಮನೆ ಹೇಗೂ ಮಳೆಗಾಲಕ್ಕೆ ತಯಾರಾಗುತ್ತಿರುತ್ತದೆ. ಆಗ ಜಗುಲಿಯ ಒಂದು ಪಟ್ಟಿಯನ್ನು ನಡಿಗೆಗೆ ಅಂತ ಬಿಡಿಸಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಜುಲೈಯಲ್ಲಿ ಹೋಗಿ "ಈ ಬಟ್ಟೆ ತೆಗೆಯಿರಿ" ಅಂದರೆ ಮನೆಯಲ್ಲಿ ಯುದ್ಧ.

ಬಟ್ಟೆಯ ಮಾತು ಬಂತು, ಅದನ್ನೇ ಮೊದಲು ಹೇಳುತ್ತೇನೆ. ಮಳೆಗಾಲದಲ್ಲಿ ಜಗುಲಿ ನಡಿಗೆಗೆ ದೊಡ್ಡ ಶತ್ರು ಬಟ್ಟೆ ಹಗ್ಗ. ಉದ್ದಕ್ಕೂ ಕಟ್ಟಿದ ಹಗ್ಗದಲ್ಲಿ ಒದ್ದೆ ಬೆಡ್‌ಶೀಟ್ ನೇತಾಡುತ್ತಿದ್ದರೆ ಯಾರು ತಾನೇ ತಲೆ ಬಗ್ಗಿಸಿ ಬಗ್ಗಿಸಿ ನಡೆಯುತ್ತಾರೆ? ಚಿಕ್ಕಪ್ಪನ ಮನೆಯಲ್ಲಿ ಹಗ್ಗವನ್ನು ಗೋಡೆಯ ಕಡೆಗೆ ಸರಿಸಿ, ಹೊರಗಿನ ಕಂಬಗಳ ಪಕ್ಕ ಮೂರು ಅಡಿ ಅಗಲದ ದಾರಿ ಬಿಡಲು ನೋಡಿದೆವು. ಎರಚಲು ಹೊಡೆದು ನೆಲ ಒದ್ದೆಯಾಯಿತು. ಆಮೇಲೆ ಅದಲು ಬದಲು ಮಾಡಿ ಬಟ್ಟೆಯನ್ನು ಹೊರಗಿನ ಕಡೆಗೆ, ದಾರಿಯನ್ನು ಗೋಡೆಯ ಕಡೆಗೆ ತಂದರು. ಚಿಕ್ಕಮ್ಮನಿಗೆ ಬಟ್ಟೆ ಒಣಗುವುದಿಲ್ಲ ಅನ್ನುವ ಚಿಂತೆ. ಕೊನೆಗೆ ದಪ್ಪ ಬಟ್ಟೆಗಳು ಬಚ್ಚಲು ಒಲೆಯ ಮೇಲಿನ ಬಿದಿರಿನ ಗಳಕ್ಕೆ ಹೋದವು, ತೆಳ್ಳಗಿನವು ಜಗುಲಿಯಲ್ಲಿ ಉಳಿದವು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಲೆಬಿಸಿಯೇ ಅನ್ನಿಸಬಹುದು. ನನ್ನ ಮಟ್ಟಿಗೆ ಇಡೀ ದಿನಚರಿ ನಿಂತದ್ದೇ ಈ ಹಗ್ಗದ ಮೇಲೆ.

ಮುಂದಿನದು ಕಾಲಿಗೆ. ಒಣಗಿದ ಒಂದು ಜೊತೆ ಚಪ್ಪಲಿ ಜಗುಲಿಗೇ ಮೀಸಲು. ಅಂಗಳಕ್ಕೆ ಇಳಿಯುವುದಕ್ಕೆ ಅದನ್ನು ಮುಟ್ಟಬಾರದು. ರಬ್ಬರ್ ತಳ, ಹಿಮ್ಮಡಿಗೆ ಪಟ್ಟಿ ಇರುವಂಥದ್ದು ಒಳ್ಳೆಯದು. ಹಳೆಯ ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರಿದ ಹಾಗೆ ಒದ್ದೆಯಾಗುತ್ತದೆ, ಚೆನ್ನಾಗಿ ಜಾರುತ್ತದೆ. ಶುಗರ್ ಇರುವವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಬಾಗಿಲ ಹತ್ತಿರ ಕಾಲೊರೆಸಲು ಹಾಸಿದ ಗೋಣಿಯನ್ನು ದಾರಿಯಿಂದ ಸರಿಸಿ. ಎಡವಿ ಬೀಳುವುದು ಅಲ್ಲೇ.

ಚಪ್ಪಲಿ ಇಡುವ ಜಾಗವೂ ಮುಖ್ಯ. ಸಿಂಕಿನಿಂದ ಟಿವಿ ಮುಂದಿನ ಕುರ್ಚಿಗೆ ಹೋಗುವ ದಾರಿಯಲ್ಲೇ ಅದು ಕಣ್ಣಿಗೆ ಬೀಳಬೇಕು. ಕಪಾಟಿನಲ್ಲಿಟ್ಟರೆ ಅದು ಇಲ್ಲದ ಹಾಗೆಯೇ.

ಬೆಳಕಿಗೆ ಒಂದು ಎಮರ್ಜೆನ್ಸಿ ಲೈಟನ್ನು ಜಗುಲಿ ಗೋಡೆಯ ಮೊಳೆಗೆ ಕಾಯಂ ನೇತುಹಾಕಿ, ಚಾರ್ಜಿಗೆ ಸಿಕ್ಕಿಸಿಯೇ ಇಡಿ. ಕರೆಂಟ್ ಹೋದಾಗ ಹುಡುಕಿ ತರುವ ಟಾರ್ಚ್ ಲೆಕ್ಕಕ್ಕಿಲ್ಲ. ಹುಡುಕುವಷ್ಟು ಹೊತ್ತು ಸಿಕ್ಕಿದರೆ ಮನಸ್ಸು ನೆಪವನ್ನೂ ಹುಡುಕಿಕೊಳ್ಳುತ್ತದೆ.

ಇನ್ನು ಕುರ್ಚಿ ಮತ್ತು ಫೋನ್. ನಡಿಗೆಯನ್ನು ಸುಲಭ ಮಾಡಿದರೆ ಸಾಲದು, ಕೂರುವುದನ್ನು ಸ್ವಲ್ಪ ಕಷ್ಟ ಮಾಡಬೇಕು. ಚಿಕ್ಕಪ್ಪ ರಾತ್ರಿ ಊಟಕ್ಕೆ ಕೂರುವ ಮುಂಚೆ ಫೋನನ್ನು ಜಗುಲಿ ಬಾಗಿಲ ಪಕ್ಕದ ಕಿಟಕಿಯಲ್ಲಿ ಚಾರ್ಜಿಗೆ ಹಾಕುತ್ತಾರೆ. ಮನೆಯಲ್ಲಿ ಉಳಿದ ಚಾರ್ಜರ್‌ಗಳನ್ನು ಮಲಗುವ ಕೋಣೆಗೆ ಕಳಿಸಿದ್ದಾಯಿತು. ಊಟ ಆದ ಮೇಲೆ ಫೋನ್ ಬೇಕು ಅಂದರೂ ಅಲ್ಲಿಗೇ ಬರಬೇಕು, ಚಪ್ಪಲಿಯೂ ಅಲ್ಲೇ ಇರುತ್ತದೆ. ಅವರ ಇಷ್ಟದ ಒರಗು ಕುರ್ಚಿಯ ಮೇಲೆ ಮಧ್ಯಾಹ್ನ ಮಡಚಿದ ಬಟ್ಟೆಯ ರಾಶಿ ಇರುತ್ತದೆ. ನಡಿಗೆ ಮುಗಿದ ಮೇಲೆ ಚಿಕ್ಕಮ್ಮ ಅದನ್ನು ಒಳಗಿಡುತ್ತಾರೆ. ಇದು ಮೊದಲು ಬೇಕಂತ ಮಾಡಿದ್ದಲ್ಲ, ಬಟ್ಟೆ ಇಡಲು ಬೇರೆ ಜಾಗ ಇರಲಿಲ್ಲ. ಕೆಲಸ ಮಾಡುತ್ತದೆ ಅಂತ ಕಂಡ ಮೇಲೆ ಹಾಗೇ ಬಿಟ್ಟರು.

ಜಾಗಕ್ಕೆ ಇಷ್ಟು ಬಲ ಇದೆಯೇ ಅಂತ ಅನುಮಾನ ಇದ್ದವರಿಗೆ ಅಮೆರಿಕದ ಒಂದು ಪ್ರಯೋಗ ಹೇಳಬೇಕು. ಅದು 2011ರಲ್ಲಿ ಪ್ರಕಟವಾಯಿತು. ಸಿನಿಮಾ ನೋಡುತ್ತಾ ಪಾಪ್‌ಕಾರ್ನ್ ತಿನ್ನುವ ಅಭ್ಯಾಸ ಇದ್ದವರಿಗೆ ಥಿಯೇಟರಿನಲ್ಲಿ ವಾರದ ಹಿಂದೆ ಹುರಿದದ್ದನ್ನು ಕೊಟ್ಟರು. ರುಚಿ ಇಲ್ಲ ಅಂತ ಗೊತ್ತಿದ್ದರೂ ಅವರು ತಾಜಾ ಸಿಕ್ಕವರಷ್ಟೇ ತಿಂದರು. ಅಂಥವರನ್ನೇ ಮೀಟಿಂಗ್ ಕೋಣೆಯಲ್ಲಿ ಕೂರಿಸಿ ಅದನ್ನೇ ಕೊಟ್ಟಾಗ ಹಳಸಲು ಅಷ್ಟು ಇಳಿಯಲಿಲ್ಲ. ತಿನ್ನಿಸಿದ್ದು ನಾಲಿಗೆಯಲ್ಲ, ಥಿಯೇಟರಿನ ಸೀಟು. ಊಟ ಆದ ಮೇಲೆ ನಿಮ್ಮನ್ನು ಎಳೆದು ಕೂರಿಸುವ ಒರಗು ಕುರ್ಚಿಯದ್ದೂ ಇದೇ ಕೆಲಸ.

ಬರೆಯಲು ಹೊಸ ಪುಸ್ತಕ ತರಬೇಡಿ

ಹೊಸ ಡೈರಿ, ಹೊಸ ಆ್ಯಪ್ ಯಾವುದೂ ಬೇಡ. ಅದನ್ನು ತುಂಬುವುದೇ ಇನ್ನೊಂದು ಅಭ್ಯಾಸ ಆಗಬೇಕಾಗುತ್ತದೆ. ಮನೆಯಲ್ಲಿ ಈಗಾಗಲೇ ದಿನಾ ಬರೆಯುವ ಏನಾದರೂ ಇದ್ದರೆ ಅದಕ್ಕೇ ಸೇರಿಸಿ. ಚಿಕ್ಕಪ್ಪನ ಮಳೆ ಪುಸ್ತಕದಲ್ಲಿ ಬಲಗಡೆ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿದೆವು. ಬೆಳಗ್ಗೆ ಮಳೆ ಬರೆಯುವಾಗ ಹಿಂದಿನ ದಿನದ ನಡಿಗೆಯನ್ನೂ ಬರೆಯುತ್ತಾರೆ. ಮಧ್ಯಾಹ್ನಕ್ಕೆ ಒಂದು ಗೀಟು, ರಾತ್ರಿಗೆ ಒಂದು ಗೀಟು. ಎಷ್ಟು ಸುತ್ತು ಅಂತ ಬರೆಯುವುದಿಲ್ಲ. ಮಳೆ ಪುಸ್ತಕ ಇಲ್ಲದವರಿಗೆ ಅಡುಗೆಮನೆಯ ಗೋಡೆ ಕ್ಯಾಲೆಂಡರ್ ಸಾಕು. ಹಾಲಿನ ಲೆಕ್ಕ ಬರೆಯುವ ಮನೆಯಲ್ಲಿ ಅದರ ಪಕ್ಕದಲ್ಲೇ ಆಗಬಹುದು.

ಈ ಕಾಲಂ ಇರುವುದು ಹೊಗಳಿಕೊಳ್ಳುವುದಕ್ಕಲ್ಲ, ಖಾಲಿ ಜಾಗ ನೋಡುವುದಕ್ಕೆ. ಒಂದು ಗೀಟು ತಪ್ಪಿದರೆ ಏನೂ ಮಾಡಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಹೊಸ ಅಭ್ಯಾಸಗಳನ್ನು ವಾರಗಟ್ಟಲೆ ಗಮನಿಸಿದ್ದರು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಗಟ್ಟಿಯಾಗುವುದಕ್ಕೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ತಪ್ಪಿದ ಮರುದಿನ ಎರಡು ಪಟ್ಟು ನಡೆಯುವುದೂ ಬೇಡ. ಅದು ದಂಡ ಕಟ್ಟಿದ ಹಾಗೆ, ಮೂರನೇ ದಿನ ಜಗುಲಿ ನೋಡಿದರೇ ಬೇಸರ ಬರುತ್ತದೆ.

ಸಾಲಾಗಿ ಎರಡು ದಿನ ಅದೇ ಹೊತ್ತಿನ ಗೀಟು ತಪ್ಪಿದ್ದರೆ ಮಾತ್ರ ಎದ್ದು ಹೋಗಿ ಜಗುಲಿ ನೋಡಿ. "ನನಗೆ ಯಾಕೆ ಮನಸ್ಸಿಲ್ಲ" ಅಂತ ಯೋಚಿಸುತ್ತಾ ಕೂರಬೇಡಿ, ಉತ್ತರ ಸಿಗುವುದಿಲ್ಲ. ಚಪ್ಪಲಿ ಅದರ ಜಾಗದಲ್ಲಿದೆಯಾ? ದಾರಿಯಲ್ಲಿ ಯಾರಾದರೂ ಗೊಬ್ಬರದ ಚೀಲ ಇಟ್ಟಿದ್ದಾರಾ? ಲೈಟು ಉರಿಯುತ್ತಿದೆಯಾ? ಹತ್ತರಲ್ಲಿ ಏಳೆಂಟು ಸಲ ಕಾರಣ ಕೈಗೆ ಸಿಗುವ ವಸ್ತುವೇ ಆಗಿರುತ್ತದೆ. ಚಿಕ್ಕಪ್ಪನ ಪುಸ್ತಕದಲ್ಲಿ ಒಮ್ಮೆ ಮಧ್ಯಾಹ್ನದ ಗೀಟುಗಳು ಮಾತ್ರ ಸಾಲಾಗಿ ಮಾಯವಾಗಿದ್ದವು. ಹೋಗಿ ನೋಡಿದರೆ ಹೊಸದಾಗಿ ತಂದ ನಾಯಿಮರಿಯನ್ನು ಹಗಲು ಜಗುಲಿ ಕಂಬಕ್ಕೆ ಕಟ್ಟುತ್ತಿದ್ದರು. ಅದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಕಟ್ಟುವ ಕಂಬ ಬದಲಾಯಿತು, ಗೀಟು ಮರಳಿತು.

ನೆನಪಿಸುವವರು ತವರಿಗೆ ಹೋದಾಗ

ಇದು ಹೆಚ್ಚಿನ ಮನೆಗಳಲ್ಲಿ ಯಾರ ಗಮನಕ್ಕೂ ಬಾರದ ಬಿರುಕು. ಮೊದಲ ತಿಂಗಳು ಚಿಕ್ಕಪ್ಪ ತಪ್ಪದೆ ನಡೆದರು. ಎಲ್ಲರಿಗೂ ಖುಷಿ. ಆಮೇಲೆ ಚಿಕ್ಕಮ್ಮ ಒಂದು ವಾರ ತವರಿಗೆ ಹೋದರು, ಕಾಲಂ ಖಾಲಿ. ಅವರು ಮರಳಿದ ದಿನವೇ ಗೀಟು ಮತ್ತೆ ಶುರು. ಆಗ ಗೊತ್ತಾಯಿತು, ತಟ್ಟೆ ಇಟ್ಟ ಕ್ಷಣಕ್ಕೂ ನಡಿಗೆಗೂ ಸಂಬಂಧ ಬೆಳೆದೇ ಇರಲಿಲ್ಲ. ಚಿಕ್ಕಮ್ಮ ಅಡುಗೆಮನೆಯಿಂದ "ಏಳಿ, ಇವತ್ತು ನಡೆಯೋದಿಲ್ವಾ?" ಅನ್ನುತ್ತಿದ್ದರಲ್ಲ, ಇವರನ್ನು ಎಬ್ಬಿಸುತ್ತಿದ್ದದ್ದು ಆ ದನಿ.

ಸರಿ ಮಾಡಿದ್ದು ಹೀಗೆ. ಚಿಕ್ಕಮ್ಮ ಹೇಳುವುದನ್ನು ಪೂರ್ತಿ ನಿಲ್ಲಿಸಿದರು. ಅದು ಅವರಿಗೆ ಸುಲಭ ಆಗಲಿಲ್ಲ ಅನ್ನುವುದು ಬೇರೆ ಮಾತು. ಅದರ ಬದಲು ಚಿಕ್ಕಪ್ಪ ತಮ್ಮ ತಟ್ಟೆಯನ್ನು ತಾವೇ ಎತ್ತಿಡುವ ರೂಢಿ ತಂದರು. ಅದಕ್ಕೂ ಮುಂಚೆ ತಟ್ಟೆ ಎತ್ತುತ್ತಿದ್ದವರು ಚಿಕ್ಕಮ್ಮನೇ. ನಡಿಗೆಯ ಗುರುತು ಅಂತ ಇಟ್ಟುಕೊಂಡ ಕೆಲಸವನ್ನೇ ಬೇರೆಯವರು ಮಾಡುತ್ತಿದ್ದರೆ ಆ ಗುರುತು ಹುಟ್ಟುವುದಾದರೂ ಹೇಗೆ? ಮೊದಲ ವಾರ ಗೀಟು ಕಡಿಮೆಯಾಯಿತು. ಆ ಇಳಿಕೆ ನೋಡಿ ಗಾಬರಿಯಾಗಿ ಮತ್ತೆ ಕೂಗಲು ಶುರು ಮಾಡಬಾರದು. ಎರಡು ಮೂರು ವಾರಕ್ಕೆ ಮೇಲೆ ಬಂತು.

ನಿಮ್ಮ ಮನೆಯಲ್ಲಿ ಹೀಗಿದೆಯಾ ಅಂತ ತಿಳಿಯಲು ಸುಲಭ ದಾರಿ ಇದೆ. ಯಾರು ನೆನಪಿಸುತ್ತಾರೋ ಅವರಿಗೆ ಐದು ದಿನ ಸುಮ್ಮನಿರಲು ಹೇಳಿ, ಕಾಲಂ ನೋಡಿ.

ಎಷ್ಟು ದಿನಕ್ಕೆ ಇದು ತಾನಾಗಿ ಆಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. 21 ದಿನ ಅನ್ನುವ ಮಾತನ್ನು ಮರೆತುಬಿಡಿ. ಲ್ಯಾಲಿಯವರ ಅದೇ ಅಧ್ಯಯನದಲ್ಲಿ ಸರಾಸರಿ 66 ದಿನ ಬಂತು. ಜನರಿಂದ ಜನರಿಗೆ ವ್ಯತ್ಯಾಸ ಮಾತ್ರ ವಿಪರೀತ, 18 ದಿನದಿಂದ 254 ದಿನದ ತನಕ. ಮೇ 20ರ ಹೊತ್ತಿಗೆ ಶುರು ಮಾಡಿದವರಿಗೆ 66ನೇ ದಿನ ಬರುವುದು ಜುಲೈ ಕೊನೆಯ ಹೊತ್ತಿಗೆ, ಕಕ್ಕಡ ಹಿಡಿದ ಮೇಲೆ. ಮಳೆಗೆ ಮುಂಚೆಯೇ ಶುರು ಮಾಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಕೆಟ್ಟ ಹೊತ್ತಿನಲ್ಲೇ ಬೇರು ಬಿಟ್ಟರೆ ಆಮೇಲೆ ಅಂಜಿಕೆ ಕಡಿಮೆ. ಶುಗರಿನ ಫಲ ನೋಡಲಿಕ್ಕೂ ಅಷ್ಟೇ ತಾಳ್ಮೆ ಬೇಕು. ಎಚ್‌ಬಿಎ1ಸಿ ಪರೀಕ್ಷೆ ತೋರಿಸುವುದು ಸುಮಾರು ಮೂರು ತಿಂಗಳ ಸರಾಸರಿಯನ್ನು. ಒಂದು ತಿಂಗಳಿಗೇ ಲ್ಯಾಬಿಗೆ ಓಡಿ, ಇಳಿದಿಲ್ಲ ಅಂತ ನಡಿಗೆ ಬಿಡಬೇಡಿ.

ಜಗುಲಿಯೇ ಬದಲಾದಾಗ

ಜಾಗದ ಮೇಲೆ ನಿಂತ ಅಭ್ಯಾಸಕ್ಕೆ ಒಂದು ದೌರ್ಬಲ್ಯ ಇದೆ. ಜಾಗ ಹೋದರೆ ಅದೂ ಹೋಗುತ್ತದೆ. ತೋಟದ ಮನೆಯಲ್ಲಿ ಜಾಗ ವರ್ಷಕ್ಕೊಮ್ಮೆಯಾದರೂ ಹೋಗಿಯೇ ಹೋಗುತ್ತದೆ.

ಮಳೆಗಾಲ ಮುಗಿದಾಗ ಕಷ್ಟ ಇಲ್ಲ ಅಂತ ಕಾಣುತ್ತದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದು ಆಕಾಶ ತೆರೆದಾಗ ಎಲ್ಲರಿಗೂ ರಸ್ತೆಗೆ ಹೋಗುವ ಆಸೆ. ಹೋಗಿ, ಆದರೆ ಜಗುಲಿಯ ಎರಡು ಸುತ್ತು ಮುಗಿಸಿ ಅಂಗಳಕ್ಕೆ ಇಳಿಯಿರಿ. ರಸ್ತೆ ನಡಿಗೆ ಮೇಲಿನ ಗಳಿಕೆ. ಜಗುಲಿಯನ್ನು ಬಿಟ್ಟು ರಸ್ತೆಯನ್ನೇ ಹಿಡಿದರೆ ಮುಂದಿನ ಜೂನ್‌ಗೆ ಮತ್ತೆ ಮೊದಲಿನಿಂದ ಶುರು.

ನಿಜವಾದ ತೊಂದರೆ ಕೊಯ್ಲಿನಲ್ಲಿ. ಅರೇಬಿಕಾ ನವೆಂಬರ್ ಡಿಸೆಂಬರಿಗೆ ಬರುತ್ತದೆ, ರೊಬಸ್ಟಾ ಜನವರಿಯಿಂದ ಮುಂದಕ್ಕೆ. ಕಣದಲ್ಲಿ ಕಾಫಿ ಹರಡಿರುತ್ತದೆ. ಸಂಜೆ ಮೋಡ ಕಂಡರೆ ಚೀಲಗಳು ಜಗುಲಿಗೆ ಏರುತ್ತವೆ. ನಡಿಗೆಯ ದಾರಿಯ ಮೇಲೆ ಮೂರು ಸಾಲು ಚೀಲ. ಮನೆಯ ವರ್ಷದ ಆದಾಯ ಅದು, ಸರಿಸಿ ಅನ್ನಲಾಗುವುದಿಲ್ಲ. ಅದಕ್ಕೇ ಎರಡನೇ ಜಾಗವನ್ನು ಅಕ್ಟೋಬರಿನಲ್ಲೇ, ಕಾವೇರಿ ಸಂಕ್ರಮಣದ ಹೊತ್ತಿಗೆ ಗೊತ್ತು ಮಾಡಿ. ಚಿಕ್ಕಪ್ಪನ ಮನೆಯಲ್ಲಿ ಅದು ಜೀಪು ಶೆಡ್ಡಿನಿಂದ ಗೇಟಿನ ತನಕದ ದಾರಿ. ಕೊಯ್ಲಿನ ಹೊತ್ತಿಗೆ ಮಳೆ ಅಪರೂಪ, ಅದು ಸಾಕು. ಕೊಯ್ಲು ಶುರುವಾಗುವ ಮುಂಚಿನ ಎರಡು ವಾರ ಇಬ್ಬಗೆ ನಡೆಯಿರಿ: ಮಧ್ಯಾಹ್ನ ಜಗುಲಿ, ರಾತ್ರಿ ಶೆಡ್ಡಿನ ದಾರಿ. ತಟ್ಟೆ, ಚಪ್ಪಲಿ, ಫೋನ್ ಕಿಟಕಿ ಮೂರೂ ಹಾಗೇ ಇರಲಿ, ಬದಲಾಗುವುದು ಕಾಲು ತಿರುಗುವ ದಿಕ್ಕು ಮಾತ್ರ. ಆನೆ ಓಡಾಡುವ ಕಡೆ ರಾತ್ರಿ ಗೇಟಿನ ತನಕ ಹೋಗುವುದೂ ಬೇಡ, ಒಳಗಿನ ಓಣಿಯೇ ಗತಿ.

ಮಗಳ ಮನೆಗೆ ಮೈಸೂರಿಗೆ ಹೋದಾಗ ಜಗುಲಿ ಜೊತೆಗೆ ಬರುವುದಿಲ್ಲ, ತಟ್ಟೆ ಬರುತ್ತದೆ. ಊಟ ಅಲ್ಲಿಯೂ ಇದೆ, ಸಿಂಕ್ ಅಲ್ಲಿಯೂ ಇದೆ. ಬ್ಯಾಗಿಗೆ ಆ ಚಪ್ಪಲಿಯನ್ನು ಹಾಕಿಕೊಳ್ಳಿ. ಹೋದ ಕೂಡಲೇ ಫ್ಲ್ಯಾಟಿನ ಕಾರಿಡಾರ್ ಎಷ್ಟು ಉದ್ದ ಇದೆ ಅಂತ ನೋಡಿ, ಚಪ್ಪಲಿಯನ್ನು ಆ ಬಾಗಿಲ ಹತ್ತಿರ ಇಡಿ. ಮೊದಲ ರಾತ್ರಿಯೇ ಎರಡು ಸುತ್ತು ಹಾಕಿ. ಮೊದಲ ರಾತ್ರಿ "ನಾಳೆಯಿಂದ" ಅಂದರೆ ಆ ಮನೆಯಲ್ಲಿ ಊಟ ಆದ ಮೇಲೆ ಸೋಫಾ ಅನ್ನುವುದೇ ರೂಢಿಯಾಗಿ ಕೂರುತ್ತದೆ. ಹಿಂದಿನ ಬಾರಿ ಮೊಮ್ಮಗಳು ಚಿಕ್ಕಪ್ಪನ ಜೊತೆ ಕಾರಿಡಾರಿನಲ್ಲಿ ಓಡಾಡಿ ಸುತ್ತು ಎಣಿಸಿದಳು. ಮಳೆ ಪುಸ್ತಕ ಇಲ್ಲದ್ದಕ್ಕೆ ಗೀಟುಗಳನ್ನು ಬಸ್ ಟಿಕೆಟಿನ ಹಿಂದೆ ಹಾಕಿಕೊಂಡು ಬಂದು, ಮನೆಗೆ ಬಂದ ಮೇಲೆ ಕಾಲಂಗೆ ಇಳಿಸಿದರು.